ವೆಬ್‌ಸೈಟ್ ತೆರೆದ ಕೂಡಲೇ ಕಾಣುವ ಸಾಲು: ಬರೆಯೋದು ಹೇಗೆ?

ಬೆಟಗೇರಿಯಲ್ಲಿ ನನ್ನ ಗೆಳೆಯನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಹೊಸದಾಗಿ ವೆಬ್‌ಸೈಟ್ ಮಾಡಿಸಿದ್ದ. ತೆರೆದರೆ ದೊಡ್ಡ ಅಕ್ಷರದಲ್ಲಿ ‘ಸುಸ್ವಾಗತ! ಗುಣಮಟ್ಟವೇ ನಮ್ಮ ಗುರಿ’. ಇದನ್ನು ಬೇಕರಿಯವರೂ ಹಾಕಬಹುದು, ಬಟ್ಟೆ ಅಂಗಡಿಯವರೂ ಹಾಕಬಹುದು, ಅಲ್ವಾ? ಮೋಟರ್ ಅನ್ನೋ ಪದ ಸಿಗಬೇಕಾದರೆ ಎರಡು ಸಲ ಕೆಳಗೆ ಸರಿಸಬೇಕಿತ್ತು. ಹೊಲದಲ್ಲಿ ಬೆಳೆ ಒಣಗುತ್ತಿರುವ ರೈತ ಅಷ್ಟು ಹೊತ್ತು ಕಾಯುತ್ತಾನಾ?

ತಿದ್ದೋಕೆ ಮೊದಲು ನಾವು ಏನೂ ಬರೆಯಲಿಲ್ಲ. ನಾಲ್ಕು ದಿನ ಅಂಗಡಿಗೆ ಬಂದ ಫೋನ್‌ಗಳಲ್ಲಿ ಗಿರಾಕಿಗಳು ಆಡಿದ ಮೊದಲ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಒಂದು ವಹಿಯಲ್ಲಿ ಗುರುತು ಹಾಕಿಕೊಂಡೆವು. ‘ಬೋರಿನ ಮೋಟರ್ ಸುಟ್ಟೈತ್ರಿ, ಯಾವಾಗ ಮಾಡಿ ಕೊಡ್ತೀರಿ?’ ಹೆಚ್ಚುಕಡಿಮೆ ಎಲ್ಲರದ್ದೂ ಇದೇ. ತಲೆಬರಹಕ್ಕೆ ಬೇಕಾದ ಪದ ಅಲ್ಲೇ ಇತ್ತು. ವಸ್ತು ಯಾವುದು, ಅದಕ್ಕೆ ನೀವು ಮಾಡುವ ಕೆಲಸ ಏನು, ಯಾವ ಊರು, ಇಷ್ಟೇ ಸಾಕು:

ಸುಟ್ಟ ಬೋರ್ ಮೋಟರ್ ರಿವೈಂಡಿಂಗ್, ಗದಗ-ಬೆಟಗೇರಿ

ಅಂಗಡಿ ಹೆಸರು ಎಲ್ಲಿ ಅಂತ ಗೆಳೆಯ ಮುನಿಸಿಕೊಂಡ. ಅದು ಮೇಲೆ ಲೋಗೋ ಪಕ್ಕದಲ್ಲಿ ಸಣ್ಣದಾಗಿ ಇದ್ದರೆ ಆಯ್ತು. ಹೆಸರು ಗೊತ್ತಿದ್ದವರು ನೇರ ಅಂಗಡಿಗೇ ಬರುತ್ತಾರೆ.

ಕೆಳಗಿನ ಎರಡು-ಮೂರು ಸಾಲು ಗಿರಾಕಿ ಮುಂದೆ ಕೇಳೋ ಪ್ರಶ್ನೆಗೆ ಉತ್ತರ ಆಗಬೇಕು. ನನ್ನ ಮೋಟರ್ ಮಾಡ್ತಾರಾ, ಎಷ್ಟು ದಿನ ಹಿಡಿಯುತ್ತೆ? ಗೆಳೆಯನಿಗೆ ‘24 ಗಂಟೆಯಲ್ಲಿ ಗ್ಯಾರಂಟಿ’ ಅಂತ ಹಾಕೋ ಆಸೆ. ಆದರೆ ಬಿಚ್ಚಿದ ಮೇಲೆ ಬೇರಿಂಗ್ ಹೋಗಿರೋದು ಕಂಡರೆ, ಅಥವಾ ದಿನವಿಡೀ ಕರೆಂಟೇ ಇಲ್ಲದಿದ್ದರೆ ಆ ಮಾತು ಉಳಿಯಲ್ಲ, ಬೈಗುಳ ಮಾತ್ರ ಉಳಿಯುತ್ತೆ. ಕೊನೆಗೆ ಹೀಗೆ ಬರೆದೆವು:

‘3ರಿಂದ 10 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್ ಮಾಡಿಕೊಡುತ್ತೇವೆ. ಬೆಳಗ್ಗೆ ತಂದರೆ ಸಾಮಾನ್ಯವಾಗಿ ಮರುದಿನ ಸಂಜೆ ಸಿಗುತ್ತದೆ. ಬೇರಿಂಗ್, ಶಾಫ್ಟ್ ಹಾಳಾಗಿದ್ದರೆ ಬಿಚ್ಚಿ ನೋಡಿ ದಿನ ಹೇಳುತ್ತೇವೆ.’

ಅದರ ಕೆಳಗೆ ಒಂದೇ ಬಟನ್, ‘ಫೋನ್ ಮಾಡಿ’. ‘ಇನ್ನಷ್ಟು ತಿಳಿಯಿರಿ’ ಬೇಡ. ಮೋಟರ್ ಸುಟ್ಟವನಿಗೆ ಅದನ್ನು ತಿಳಿದು ಏನಾಗಬೇಕು?

ಇಷ್ಟು ಮಾಡಿದರೂ ಒಂದು ಎಡವಟ್ಟು ಉಳಿದಿತ್ತು. ವೆಬ್‌ಸೈಟ್ ಮಾಡಿದ ಹುಡುಗ ತಲೆಬರಹವನ್ನು ಬ್ಯಾನರ್ ಚಿತ್ರದೊಳಗೇ ಕೂರಿಸಿದ್ದ. ಕಂಪ್ಯೂಟರಲ್ಲಿ ಚೆಂದ, ಫೋನಲ್ಲಿ ಚಿತ್ರ ಕುಗ್ಗಿ ಅಕ್ಷರ ಇರುವೆ ಸಾಲಿನಂತಾಗಿತ್ತು. ನೆಟ್‌ವರ್ಕ್ ನಿಧಾನ ಇದ್ದರೆ ಚಿತ್ರ ಬರೋವರೆಗೂ ಬರೀ ಬಿಳಿ ಜಾಗ. ನಿಮ್ಮದೂ ಹಾಗಿದೆಯಾ ಅಂತ ತಿಳಿಯೋಕೆ ಆ ಸಾಲಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಅಕ್ಷರ ಸೆಲೆಕ್ಟ್ ಆಗದಿದ್ದರೆ ಬಹುತೇಕ ಅದು ಚಿತ್ರವೇ. ಹಾಗಿದ್ದರೆ ಚಿತ್ರದಿಂದ ತೆಗೆಸಿ ಬರೀ ಅಕ್ಷರವಾಗಿ, ಪುಟದ ಮುಖ್ಯ ತಲೆಬರಹಕ್ಕೆಂದೇ ಇರುವ ಎಚ್‌1 ಟ್ಯಾಗಿನಲ್ಲಿ ಹಾಕಿಸಿ. ತಾನೇ ಓಡುವ ಸ್ಲೈಡ್‌ಗಳನ್ನೂ ತೆಗೆಸಿ, ಓದುವಷ್ಟರಲ್ಲಿ ಸಾಲು ಮಾಯ ಆಗುತ್ತೆ.

ಕೊನೆಗೆ ಪರೀಕ್ಷೆ. ಅಂಗಡಿ ಗೊತ್ತಿಲ್ಲದ ಒಬ್ಬರಿಗೆ ಫೋನಲ್ಲಿ 5 ಸೆಕೆಂಡ್ ತೋರಿಸಿ ತಿರುಗಿಸಿಬಿಡಿ. ಇವರು ಏನು ಮಾಡ್ತಾರೆ, ಎಲ್ಲಿ, ನೀವಾದರೆ ಈಗ ಏನು ಮಾಡ್ತೀರಿ ಅಂತ ಕೇಳಿ. ನಾವು ಪಕ್ಕದ ಚಹಾದಂಗಡಿಯಲ್ಲಿ ಕೂತಿದ್ದ ಮುಳಗುಂದದ ಅಜ್ಜಾರಿಗೆ ತೋರಿಸಿದೆವು. ‘ಬೋರಿನ ಮೋಟರ್ ಸುತ್ತತಾರ, ಇಲ್ಲೇ ಬೆಟಗೇರ್ಯಾಗ’ ಅಂದರು. ಆಮೇಲೆ, ‘ಒಯ್ಯಾಕ ಗಾಡಿ ಕಳಸ್ತಾರೇನು?’

ಅದನ್ನು ನಾವು ಬರೆದೇ ಇರಲಿಲ್ಲ. ಗಾಡಿ ಕಳಿಸಲ್ಲ, ಅಂಗಡಿಗೇ ತರಬೇಕು ಅಂತ ಅವತ್ತೇ ಇನ್ನೊಂದು ಸಾಲು ಸೇರಿತು.