ಪವರ್ ತೆಗೆದು ಅಳೆದರೆ 2.2 ಕೆ, ಕರೆಂಟ್ ನುಗ್ಗಿಸಿ ಅಳೆದರೆ 53 ಓಮ್

ಕುಮಟಾದಲ್ಲಿ ನನ್ನದು ಮೈಕ್ ಸೆಟ್ ರಿಪೇರಿ ಅಂಗಡಿ. ಮಳೆ ನಿಂತ ಮೇಲೆ ಹೊನ್ನಾವರದಿಂದ ಅಂಕೋಲಾದವರೆಗೆ ಯಕ್ಷಗಾನದ ಆಟಗಳಿಗೆ ಸೆಟ್ ಹೋಗುತ್ತದೆ. ಭಾಗವತರ ಮೈಕ್‌ಗೆ ಅಂತ ನಾನೇ ಒಂದು ಚಿಕ್ಕ ಪ್ರೀಆಂಪ್ ಬಾಕ್ಸ್ ಮಾಡಿಕೊಂಡಿದ್ದೇನೆ. ಅದು ರಂಗಸ್ಥಳದ ಹಿಂದೆ ಇರುತ್ತದೆ, ಅಲ್ಲಿಂದ ಸುಮಾರು 60 ಮೀಟರ್ ವೈರ್ ಎಳೆದು ಆಂಪ್ಲಿಫೈಯರ್‌ಗೆ ಕೊಡುತ್ತೇನೆ. ಶಿರಸಿಯಲ್ಲಿ ನನಗಿಂತ ಹಳೆಯ ಮೈಕ್ ಸೆಟ್‌ನವರೊಬ್ಬರಿದ್ದಾರೆ, ನಾವೆಲ್ಲ ಅವರಿಗೆ ಅಣ್ಣ ಅಂತಲೇ ಕರೆಯುವುದು. ಅವರು ಒಂದು ದಿನ ಅಂಗಡಿಗೆ ಬಂದು ಬಾಕ್ಸ್ ಬಿಚ್ಚಿ ನೋಡಿದರು. ಬ್ಯಾಟರಿ ತೆಗೆದು ಔಟ್‌ಪುಟ್ ಎಮಿಟರ್‌ನಿಂದ ಗ್ರೌಂಡ್‌ಗೆ ಮೀಟರ್ ಹಿಡಿದರು. 2.2 ಕೆ ತೋರಿಸಿತು.

"ತಮಾ, ಇದರ ಔಟ್‌ಪುಟ್ ರೆಸಿಸ್ಟೆನ್ಸ್ ಎರಡು ಕೆ ಮೇಲಿದೆ. 600 ಓಮ್ ಲೈನ್ ಟ್ರಾನ್ಸ್‌ಫಾರ್ಮರ್‌ಗೆ ಇದನ್ನ ಕೊಟ್ರೆ ಮುಕ್ಕಾಲು ಪಾಲು ಸಿಗ್ನಲ್ ಪೆಟ್ಟಿಗೆ ಒಳಗೇ ಸಾಯ್ತದೆ" ಅಂದರು.

"ಅಣ್ಣ, ಅದು ಐವತ್ತು ಓಮ್ ಚಿಲ್ರೆ" ಅಂದೆ. ನಂಬಲಿಲ್ಲ. ನಂಬಿಸುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ಬಾಕ್ಸ್‌ನ ಕೊನೆಯ ಭಾಗ ಹೀಗಿದೆ. ಮೊದಲ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ಗೆ 10 ಕೆ. ಅಲ್ಲಿಂದ ನೇರವಾಗಿ, ನಡುವೆ ಕೆಪಾಸಿಟರ್ ಇಲ್ಲದೆ, ಎರಡನೆಯ ಬಿಸಿ 547ರ ಬೇಸ್‌ಗೆ. ಅದರ ಎಮಿಟರ್‌ಗೆ 2.2 ಕೆ, ಎಮಿಟರ್‌ನಿಂದ 10 ಮೈಕ್ರೋಫ್ಯಾರಡ್ ಮೂಲಕ ಜಾಕ್‌ಗೆ. ಸಪ್ಲೈ 12 ವೋಲ್ಟ್, ಎಮಿಟರ್‌ನಲ್ಲಿ 4.4 ವೋಲ್ಟ್, ಅಂದರೆ ಸಿಗ್ನಲ್ ಇಲ್ಲದಾಗಲೂ ಹರಿಯುವ ನಿಂತ ಕರೆಂಟ್ 2 ಮಿಲಿ ಆಂಪ್. ಮೀಟರ್‌ನ ಟ್ರಾನ್ಸಿಸ್ಟರ್ ತೂತಿನಲ್ಲಿ ಹಾಕಿ ನೋಡಿದ ಬೀಟಾ 250ರ ಹತ್ತಿರ.

ಅಣ್ಣನ ಮೀಟರ್ ಸುಳ್ಳು ಹೇಳಲಿಲ್ಲ, ಎಮಿಟರ್ ರೆಸಿಸ್ಟರ್ ಒಂದನ್ನೇ ಓದಿತು. ಬ್ಯಾಟರಿ ತೆಗೆದ ಕೂಡಲೇ ಟ್ರಾನ್ಸಿಸ್ಟರ್‌ನ ಒಳಗಿರುವ, ಬೇಸ್ ಕರೆಂಟನ್ನು ಬೀಟಾ ಪಟ್ಟು ಮಾಡಿ ಕೊಡುವ ಡಿಪೆಂಡೆಂಟ್ ಸೋರ್ಸ್ ಸತ್ತಿತು, ಉಳಿದದ್ದು ಬರೀ ರೆಸಿಸ್ಟರ್. ಕಾಗದದ ಮೇಲೂ ಬಹಳ ಜನ ಮಾಡುವ ತಪ್ಪು ಇದೇ. ಸ್ವತಂತ್ರ ಸೋರ್ಸ್‌ಗಳನ್ನು ಸೊನ್ನೆ ಮಾಡು ಅಂದ ಕೂಡಲೇ ಡಿಪೆಂಡೆಂಟ್ ಸೇರಿ ಎಲ್ಲವನ್ನೂ ಸೊನ್ನೆ ಮಾಡಿಬಿಡುತ್ತಾರೆ. ಹಾಗೆ ಮಾಡಿದರೆ ಈ ಸರ್ಕ್ಯೂಟ್‌ಗೆ ಸುಮಾರು 1.9 ಕೆ ಬರುತ್ತದೆ. ಮೀಟರ್‌ನ 2.2 ಕೆಗೆ ಅದು ಹತ್ತಿರ ಇರುವುದರಿಂದ ಸರಿಯಾಯಿತು ಅಂತ ಅನಿಸಿಬಿಡುತ್ತದೆ. ಎರಡು ತಪ್ಪು ಉತ್ತರ ಒಂದಕ್ಕೊಂದು ಸಾಕ್ಷಿ ಹೇಳುವುದು ಅಂದರೆ ಇದು.

ನಾನು ಮಾಡಿದ್ದು ಇಷ್ಟು. 12 ವೋಲ್ಟ್ ಸ್ವತಂತ್ರ ಸೋರ್ಸ್, ಅದನ್ನು ಸಿಗ್ನಲ್ ಲೆಕ್ಕಕ್ಕೆ ಗ್ರೌಂಡ್ ಮಾಡಿದೆ. ಮೈಕ್ ಸ್ವತಂತ್ರ, ಅದನ್ನು ಶಾರ್ಟ್ ಮಾಡಿದೆ. ಮೊದಲ ಟ್ರಾನ್ಸಿಸ್ಟರ್‌ನ ಡಿಪೆಂಡೆಂಟ್ ಸೋರ್ಸನ್ನು ನಾನು ಮುಟ್ಟಲಿಲ್ಲ. ಅದರ ಬೇಸ್‌ನಲ್ಲಿ ಸಿಗ್ನಲ್ ಇಲ್ಲದ ಕಾರಣ ಅದು ತಾನಾಗಿಯೇ ಸೊನ್ನೆಯಾಯಿತು, ಹಾಗಾಗಿ ಅಲ್ಲಿ ಉಳಿದದ್ದು 10 ಕೆ ಮಾತ್ರ. ಎರಡನೆಯದರ ಡಿಪೆಂಡೆಂಟ್ ಸೋರ್ಸನ್ನೂ ಮುಟ್ಟಲಿಲ್ಲ. ಆದರೆ ಅದು ಸೊನ್ನೆಯಾಗಲಿಲ್ಲ, ಯಾಕೆಂದರೆ ಅದನ್ನು ಆಳುವ ಬೇಸ್ ಕರೆಂಟ್ ನಾನು ಹೊರಗಿನಿಂದ ಕೊಡುವ ಟೆಸ್ಟ್ ಸೋರ್ಸ್‌ನಿಂದಲೇ ಹುಟ್ಟುತ್ತದೆ. ಒಂದೇ ಬೋರ್ಡ್‌ನಲ್ಲಿ ಒಂದು ಸತ್ತು ಇನ್ನೊಂದು ಬದುಕುವುದು ಯಾಕೆ ಅಂತ ನನಗೆ ಸ್ಪಷ್ಟವಾದ ದಿನ ಉಳಿದದ್ದೆಲ್ಲ ಸುಲಭವಾಯಿತು.

ಎಮಿಟರ್‌ಗೆ ಕಾಗದದ ಮೇಲೆ 1 ವೋಲ್ಟ್ ಹಚ್ಚಿದೆ. 2 ಮಿಲಿ ಆಂಪ್‌ಗೆ ಜಂಕ್ಷನ್‌ನ ಸಣ್ಣ ರೆಸಿಸ್ಟೆನ್ಸ್ 26 ಮಿಲಿವೋಲ್ಟನ್ನು 2 ಮಿಲಿ ಆಂಪ್‌ನಿಂದ ಭಾಗಿಸಿ 13 ಓಮ್. ಬೇಸ್ ಕಡೆಯಿಂದ ನೋಡಿದರೆ ಅದರ 250 ಪಟ್ಟು, 3.25 ಕೆ. ಅದಕ್ಕೆ 10 ಕೆ ಸೇರಿಸಿದರೆ 13.25 ಕೆ. ಆಗ ಎಮಿಟರ್‌ಗೆ ನುಗ್ಗುವ ಕರೆಂಟ್‌ಗಳು:

```
ಬೇಸ್ ದಾರಿ:         1 V / 13.25 k  = 0.0755 mA
ಡಿಪೆಂಡೆಂಟ್ ಸೋರ್ಸ್:   250 × 0.0755   = 18.9 mA
ಎಮಿಟರ್ ರೆಸಿಸ್ಟರ್:    1 V / 2.2 k    = 0.45 mA
ಒಟ್ಟು:                              19.4 mA
ರೆಸಿಸ್ಟೆನ್ಸ್:          1 V / 19.4 mA  = 51.5 Ω
```

ಹತ್ತೊಂಬತ್ತರಲ್ಲಿ ಹತ್ತೊಂಬತ್ತೂ ಡಿಪೆಂಡೆಂಟ್ ಸೋರ್ಸ್‌ನದೇ ಅನ್ನಬಹುದು. ಅದನ್ನು ತೆಗೆದು ಲೆಕ್ಕ ಹಾಕಿದವನಿಗೆ ಏನು ಉಳಿಯುತ್ತದೆ ನೋಡಿಕೊಳ್ಳಿ.

ಮೊದಲ ಸಲ ನನಗೆ ಬಂದದ್ದು ಮೈನಸ್ 54. ಬಾಣದ ದಿಕ್ಕು ತಪ್ಪಿತ್ತು. ಬೇಸ್ ಕರೆಂಟ್ ಒಳಗೆ ಹೋಗುವಾಗ ಕಲೆಕ್ಟರ್ ಕರೆಂಟ್ ಎಮಿಟರ್‌ನಿಂದ ಹೊರಗೆ ಬರುತ್ತದೆ ಅಂತ ಬಾಯಿಪಾಠ ಆಗಿತ್ತು. ಇಲ್ಲಿ ಟೆಸ್ಟ್ ಸೋರ್ಸ್ ಬೇಸ್ ಕರೆಂಟನ್ನು ತಿರುಗಿಸಿ ಹೊರಗೆ ಓಡಿಸುತ್ತದೆ. ಆಗ ಡಿಪೆಂಡೆಂಟ್ ಸೋರ್ಸ್ ಕೂಡ ಜೊತೆಗೇ ತಿರುಗಬೇಕು, ನಾನು ತಿರುಗಿಸಿರಲಿಲ್ಲ. ನೆಗೆಟಿವ್ ರೆಸಿಸ್ಟೆನ್ಸ್ ಬರುವ ಸರ್ಕ್ಯೂಟ್‌ಗಳೂ ಇವೆ, ಹಾಗಾಗಿ ಮೈನಸ್ ಕಂಡ ಕೂಡಲೇ ತಪ್ಪು ಅಂತ ಹೇಳಲಿಕ್ಕೆ ಬರುವುದಿಲ್ಲ. ಆದರೆ ಬೀಟಾವನ್ನು ಸೊನ್ನೆಯಿಂದ ಸ್ವಲ್ಪ ಸ್ವಲ್ಪ ಏರಿಸಿ ನೋಡಿ. ನನ್ನ ತಪ್ಪು ಲೆಕ್ಕದಲ್ಲಿ ರೆಸಿಸ್ಟೆನ್ಸ್ ಮೊದಲು ಏರಿ, ಬೀಟಾ ಹತ್ತು ಮುಟ್ಟುವ ಮೊದಲೇ ಮುಗಿಲಿಗೆ ಹೋಗಿ, ಆಮೇಲೆ ಮೈನಸ್‌ಗೆ ಹಾರುತ್ತಿತ್ತು. ಹೀಗೆ ಎಮಿಟರ್‌ನಿಂದ ಔಟ್‌ಪುಟ್ ತೆಗೆಯುವ ಎಮಿಟರ್ ಫಾಲೋವರ್‌ನಲ್ಲಿ ಬೀಟಾ ಏರಿದಷ್ಟೂ ರೆಸಿಸ್ಟೆನ್ಸ್ ಇಳಿಯಬೇಕು. ಅಷ್ಟು ಸಾಕಾಯಿತು ತಪ್ಪು ಹಿಡಿಯಲಿಕ್ಕೆ.

ಅಣ್ಣನಿಗೆ ಕಾಗದ ತೋರಿಸಿದೆ. "ಕಾಗದ ಅಡ್ಡಿಲ್ಲ, ಮೀಟರಲ್ಲಿ ತೋರ್ಸು" ಅಂದರು. ಅಲ್ಲಿಂದ ಶುರುವಾಯಿತು ಖರ್ಚು.

ಮೊದಲ ಪ್ರಯತ್ನಕ್ಕೆ ಅಂಗಡಿಯಲ್ಲಿ ಬಿದ್ದಿದ್ದ 6 ವೋಲ್ಟ್ ಟ್ರಾನ್ಸ್‌ಫಾರ್ಮರನ್ನೇ ಟೆಸ್ಟ್ ಸೋರ್ಸ್ ಮಾಡಿಕೊಂಡೆ. 1 ಕೆ ರೆಸಿಸ್ಟರ್ ಮೂಲಕ ಎಮಿಟರ್‌ಗೆ ಕೊಟ್ಟೆ, ನಡುವೆ ಕೆಪಾಸಿಟರ್ ಹಾಕಿದ್ದೆ. ವೋಲ್ಟ್‌ಗಟ್ಟಲೆ ಓದು ಬಂತು, ಲೆಕ್ಕ ಹಾಕಿದರೆ ನೂರಾರು ಓಮ್. ಕಾರಣ ಆಮೇಲೆ ಹೊಳೆಯಿತು. 6 ಮಿಲಿ ಆಂಪ್ ನುಗ್ಗಿಸುತ್ತಿದ್ದೇನೆ, ಟ್ರಾನ್ಸಿಸ್ಟರ್‌ನಲ್ಲಿ ನಿಂತದ್ದೇ 2. ಅರ್ಧ ಅಲೆಯ ಹೊತ್ತು ಟ್ರಾನ್ಸಿಸ್ಟರ್ ಪೂರ್ತಿ ಬಂದ್ ಆಗುತ್ತಿತ್ತು. ಕಾಗದದ ಮೇಲೆ 1 ವೋಲ್ಟ್ ಹಚ್ಚಬಹುದು, ಲೆಕ್ಕ ನೇರ ಗೆರೆಯದು. ಬೆಂಚ್ ಮೇಲೆ ಟೆಸ್ಟ್ ಕರೆಂಟ್ ನಿಂತ ಕರೆಂಟ್‌ನ ಹತ್ತನೇ ಒಂದಕ್ಕಿಂತ ಕಡಿಮೆ ಇರಬೇಕು. ನಾನೀಗ ಇಪ್ಪತ್ತನೇ ಒಂದು ಇಟ್ಟುಕೊಳ್ಳುತ್ತೇನೆ.

ಸರಿ ಅಂತ 56 ಕೆ ಹಾಕಿ ಕರೆಂಟನ್ನು 0.1 ಮಿಲಿ ಆಂಪ್‌ಗೆ ಇಳಿಸಿದೆ. ಈಗ ಓದಬೇಕಾದ್ದು ಕೆಲವೇ ಮಿಲಿವೋಲ್ಟ್. ನನ್ನ ಮೀಟರ್‌ನ ಅತಿ ಕೆಳಗಿನ ಎಸಿ ರೇಂಜ್ 200 ವೋಲ್ಟ್! ಹೊಸ ಮೀಟರ್‌ಗೆ ಹದಿನೆಂಟು ನೂರೋ ಎರಡು ಸಾವಿರವೋ ಹೋಯಿತು. ಆ ತಿಂಗಳು ಸೆಟ್ ಒಂದು ಕಡೆಯೂ ಹೋಗಿರಲಿಲ್ಲ, ಮಳೆಗಾಲ. ಮನೆಯಲ್ಲಿ ಹೇಳಲಿಲ್ಲ.

ಹೊಸ ಮೀಟರ್ ಹಿಡಿದು ಅಳೆದರೆ ಸುಮಾರು 34 ಮಿಲಿವೋಲ್ಟ್, ಅಂದರೆ 320 ಓಮ್. ಎರಡು ವಾರ ಇದರಲ್ಲೇ ಹೋಯಿತು. ಟ್ರಾನ್ಸಿಸ್ಟರ್ ಬದಲಿಸಿದೆ, ಸಾಲ್ಡರ್ ಮತ್ತೆ ಮಾಡಿದೆ, ಬೋರ್ಡ್‌ಗೆ ಕಡಲ ಗಾಳಿಯ ತೇವ ಹಿಡಿದಿರಬೇಕು ಅಂತ ಬಿಸಿಲಿಗೆ ಇಟ್ಟೆ. ಆದದ್ದು ಇಷ್ಟೇ: ಈ ಸಲ ಕೈಗೆ ಸುಲಭ ಅಂತ ಜಾಕ್‌ನಲ್ಲಿ ಅಳೆಯುತ್ತಿದ್ದೆ. ಎಮಿಟರ್‌ಗೂ ಜಾಕ್‌ಗೂ ನಡುವಿನ 10 ಮೈಕ್ರೋಫ್ಯಾರಡ್ 50 ಹರ್ಟ್ಸ್‌ಗೆ 318 ಓಮ್ ಅಡ್ಡ ನಿಲ್ಲುತ್ತದೆ. ನಾನು ಅಳೆದದ್ದು ಕೆಪಾಸಿಟರನ್ನು! ಅದು ರೆಸಿಸ್ಟರ್ ಹಾಗೆ ನೇರ ಕೂಡುವುದಿಲ್ಲ, ವರ್ಗ ಮಾಡಿ ಕೂಡಬೇಕು. ಹಾಗೆ ಕೂಡಿದರೆ 318ರ ಪಕ್ಕದಲ್ಲಿ ನನ್ನ 52 ಬರೀ ನಾಲ್ಕು ಓಮ್‌ನಷ್ಟೇ ಕಾಣುತ್ತದೆ. ಇದನ್ನು ಪತ್ತೆ ಮಾಡುವ ದಾರಿ ಫ್ರೀಕ್ವೆನ್ಸಿ ಬದಲಿಸುವುದು. ಉತ್ತರ ಬದಲಾದರೆ ನೀವು ಅಳೆಯುತ್ತಿರುವುದು ರೆಸಿಸ್ಟೆನ್ಸ್ ಅಲ್ಲ.

ಟ್ರಾನ್ಸ್‌ಫಾರ್ಮರ್ ಬಿಟ್ಟೆ. ಹಳೆಯ ಮೊಬೈಲ್‌ನಲ್ಲಿ 400 ಹರ್ಟ್ಸ್ ಟೋನ್ ಹಾಕಿ ಹೆಡ್‌ಫೋನ್ ಜಾಕ್‌ನಿಂದ ತೆಗೆದೆ, ಅರ್ಧ ವೋಲ್ಟ್ ಸಿಗುತ್ತದೆ. 400 ಯಾಕೆಂದರೆ ನಮ್ಮ ಬೆಲೆಯ ಮೀಟರ್‌ಗಳು ಅದರ ಮೇಲೆ ಎಸಿಯನ್ನು ಸರಿಯಾಗಿ ಓದುವುದು ಗ್ಯಾರಂಟಿ ಇಲ್ಲ. ಮೊಬೈಲ್‌ನಿಂದ 4.7 ಕೆ, ಆಮೇಲೆ 10 ಮೈಕ್ರೋಫ್ಯಾರಡ್, ಪ್ಲಸ್ ಕಾಲು ಎಮಿಟರ್ ಕಡೆಗೆ. ಈ ಕೆಪಾಸಿಟರ್ ಎಷ್ಟು ಅಡ್ಡ ನಿಂತರೂ ಚಿಂತೆ ಇಲ್ಲ, ಅದು ಕರೆಂಟ್ ದಾರಿಯಲ್ಲಿದೆ, ವೋಲ್ಟೇಜ್ ನೋಡುವುದು ಅದರ ಆಚೆ ಎಮಿಟರ್‌ನಲ್ಲೇ. ಕರೆಂಟನ್ನು ಊಹಿಸಬೇಡಿ, 4.7 ಕೆ ಮೇಲಿನ ವೋಲ್ಟೇಜ್ ಅಳೆದು ಭಾಗಿಸಿ. ನನಗೆ 494 ಮಿಲಿವೋಲ್ಟ್ ಬಂತು, ಅಂದರೆ 0.105 ಮಿಲಿ ಆಂಪ್. ಎಮಿಟರ್‌ನಲ್ಲಿ 5.6 ಮಿಲಿವೋಲ್ಟ್. ಭಾಗಿಸಿದರೆ 53 ಓಮ್.

ಟೋನ್ ನಿಲ್ಲಿಸಿದಾಗಲೂ ಮೀಟರ್ ಸೊನ್ನೆಗೆ ಇಳಿಯದಿದ್ದರೆ ಅದು ಹಮ್. ಮೊದಲು ನನಗೆ 2 ಮಿಲಿವೋಲ್ಟ್ ಇತ್ತು, ಅಡಾಪ್ಟರ್ ಬಿಟ್ಟು ಬ್ಯಾಟರಿ ಹಾಕಿದ ಮೇಲೆ ಅರ್ಧಕ್ಕಿಂತ ಕೆಳಗೆ ಬಂತು. ಗ್ರೌಂಡನ್ನು ನಾನು ಎಲ್ಲಿ ಹಿಡಿಯುತ್ತೇನೆ ಅನ್ನುವುದರಲ್ಲೂ ಒಂದು ಗುಟ್ಟಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಾಕ್ಸ್ ಮಾರುವವನು ನಾನು.

ಅಳೆಯಲು ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ಎಮಿಟರ್ ಕರೆಂಟ್ ಎರಡು ಪಟ್ಟು ಮಾಡಿದರೆ ರೆಸಿಸ್ಟೆನ್ಸ್ ಅರ್ಧವಾಗುತ್ತದೆ ಅಂತ ಎಣಿಸಿದ್ದೆ, 2.2 ಕೆ ತೆಗೆದು 1.1 ಕೆ ಹಾಕಿದೆ. 45ಕ್ಕೆ ಇಳಿಯಿತು ಅಷ್ಟೇ, ಬ್ಯಾಟರಿ ಮಾತ್ರ ಬೇಗ ಖಾಲಿ. ಐವತ್ತೆರಡರಲ್ಲಿ ಜಂಕ್ಷನ್‌ನ ಪಾಲು 13, ಉಳಿದ ನಲವತ್ತು ಹಿಂದಿನ 10 ಕೆಯನ್ನು ಬೀಟಾದಿಂದ ಭಾಗಿಸಿ ಬಂದದ್ದು. ಹೆಚ್ಚು ಬೀಟಾದ ಸಿ ಟೈಪ್ ಹಾಕಿದೆ, 500ರ ಹತ್ತಿರದ್ದು. 34 ಬಂತು. ಖರ್ಚು ಮೂರೋ ನಾಲ್ಕೋ ರೂಪಾಯಿ. ಈಗ ನನ್ನ ಬಾಕ್ಸ್‌ಗಳಲ್ಲಿ ಅದೇ ಇದೆ.

ಒಂದು ಮಿತಿ ಹೇಳಲೇಬೇಕು. 53 ಓಮ್ ಅಂದ ಮಾತ್ರಕ್ಕೆ 50 ಓಮ್‌ಗೆ ವೋಲ್ಟ್‌ಗಟ್ಟಲೆ ಕೊಡಲಿಕ್ಕಾಗುವುದಿಲ್ಲ. 2 ಮಿಲಿ ಆಂಪ್ ನಿಂತಿರುವಲ್ಲಿ 50 ಓಮ್‌ಗೆ 0.1 ವೋಲ್ಟ್ ಆಸುಪಾಸಿನಲ್ಲೇ ಅಲೆಯ ತುದಿ ಕತ್ತರಿಸುತ್ತದೆ. ಈ ಅಂಕಿ ಸಣ್ಣ ಸಿಗ್ನಲ್‌ನ ಅಂಕಿ. 600 ಓಮ್‌ಗಾದರೆ ಮುಕ್ಕಾಲು ವೋಲ್ಟ್‌ವರೆಗೆ ನನಗೆ ತೊಂದರೆ ಬಂದಿಲ್ಲ.

ಅಣ್ಣ ಮತ್ತೆ ಬಂದಾಗ ಹಳೆಯ ಬಾಕ್ಸನ್ನೇ ಮುಂದಿಟ್ಟೆ, ಮೀಟರ್ ಅವರ ಕೈಗೇ ಕೊಟ್ಟೆ. 5.6 ಓದಿದರು. ಬ್ಯಾಟರಿ ಕಿತ್ತು ಟೋನ್ ಹಾಗೇ ಇಟ್ಟೆ, ಓದು ನೂರು ಮಿಲಿವೋಲ್ಟ್ ದಾಟಿತು. ಬ್ಯಾಟರಿ ಹಾಕಿದೆ, ಮತ್ತೆ 5.6. ಅವರೇ ನಾಲ್ಕೈದು ಸಲ ಕಿತ್ತು ಹಾಕಿ ನೋಡಿದರು. ಆಮೇಲೆ 600 ಓಮ್ ರೆಸಿಸ್ಟರ್ ಜಾಕ್‌ಗೆ ಹಚ್ಚಿ ಮೈಕ್ ಕಡೆಯಿಂದ ಸಣ್ಣ ಸಿಗ್ನಲ್ ಕೊಟ್ಟು ನೋಡಿದರು, ನೂರರಲ್ಲಿ ತೊಂಬತ್ತೆರಡು ಉಳಿಯಿತು.

"ಎರಡು ಬಾಕ್ಸ್ ಮಾಡಿಡು ತಮಾ, ಸಿ ಟೈಪ್ ಹಾಕಿ" ಅಂದರು. ಮುಂಗಡ ಐನೂರು ಕೊಟ್ಟು ಹೋದರು.