ಡ್ರಮ್ಮರ್ ಬದಲಾದ ಮೇಲೆ ನಮ್ಮ ಬೈಲಾ ಯಾಕೆ ಸತ್ತುಹೋಯ್ತು

ನಾನು ಮಂಗಳೂರಲ್ಲಿ ಮದುವೆ, ಮದುವೆಗೆ ಮುಂಚಿನ ರೋಸ್ ಶಾಸ್ತ್ರ ಅಂತ ನುಡಿಸ್ತಾ ಇರುವ ಒಂದು ಬ್ಯಾಂಡಲ್ಲಿ ಬೇಸ್ ಗಿಟಾರ್ ನುಡಿಸೋದು. ಹದಿನಾಲ್ಕು ವರ್ಷ ಒಬ್ರೇ ಡ್ರಮ್ಮರ್ ಇದ್ರು, ನಾವೆಲ್ಲ ಅಂಕಲ್ ಅಂತಿದ್ವಿ, ಆಮೇಲೆ ಮಗಳ ಜೊತೆ ಕುವೈತಿಗೆ ಹೋದ್ರು. ಅವರ ಜಾಗಕ್ಕೆ ಬಂದ ಹುಡುಗ ಟೆಕ್ನಿಕಲಿ ಅಂಕಲ್‌ಗಿಂತ ಎಷ್ಟೋ ಮೇಲೆ, ಡಬಲ್ ಪೆಡಲ್ ಎಲ್ಲ ಹೊಡಿತಾನೆ, ತಾಳ ತೋರಿಸುವ ಟಿಕ್ ಟಿಕ್ ಶಬ್ದ, ಅಂದ್ರೆ ಕ್ಲಿಕ್ ಹಾಕಿದ್ರೆ ಕೂದಲೆಳೆ ಆಚೆ ಈಚೆ ಹೋಗುದಿಲ್ಲ. ನಾವು ಖುಷಿಯಲ್ಲಿದ್ವಿ.

ಮೊದಲನೇ ಮದುವೆಯಲ್ಲೇ ಗೊತ್ತಾಯ್ತು. ಬೈಲಾ ಅಂದ್ರೆ ಜನ ಎದ್ದು ಕುಣಿಯುವ ಹಾಡುಗಳು, ಅದನ್ನ ಶುರು ಮಾಡಿದಾಗ ಫ್ಲೋರ್ ಫುಲ್, ಮೂರನೇ ಹಾಡಿಗೆ ಅರ್ಧ ಜನ ಊಟದ ಲೈನಲ್ಲಿ. ಒಬ್ರು ಆಂಟಿ ಸ್ಟೇಜ್ ಹತ್ರ ಬಂದು "ಎಂತ ಮಗಾ, ಟ್ರ್ಯಾಕ್ ಹಾಕಿ ಬಿಟ್ಟಿದ್ದೀರಾ?" ಅಂತ ಕೇಳಿದ್ರು. ಹಾಡು ಅದೇ, ಸಿಂಗರ್ ಅವನೇ, ಸ್ಪೀಡೂ ಅದೇ! ಸಿಂಗರ್ ಬದಲಾದ್ರೆ ಜನರಿಗೆ ಕಿವಿಯಲ್ಲಿ ಕೂಡ್ಲೇ ಗೊತ್ತಾಗ್ತದೆ, ಡ್ರಮ್ಮರ್ ಬದಲಾದ್ರೆ ಕಾಲಿಗೆ ಗೊತ್ತಾಗೋದು, ಯಾಕೆ ಅಂತ ಹೇಳ್ಲಿಕ್ಕೆ ಬರುದಿಲ್ಲ ಅಷ್ಟೇ. ಯಕ್ಷಗಾನದಲ್ಲಿ ಚೆಂಡೆಯವ ಬದಲಾದ್ರೆ ಮೊದಲು ವೇಷಧಾರಿಗೆ ಗೊತ್ತಾಗ್ತದಲ್ವಾ, ಹಾಗೆ.

ನಂಗೆ ತಲೆ ಕೆಟ್ಟು ಹಳೇ ಮದುವೆಯ ವಿಡಿಯೋ ಒಂದರ ಆಡಿಯೋ, ಹೊಸ ಹುಡುಗನ ಪ್ರಾಕ್ಟೀಸ್ ರೆಕಾರ್ಡಿಂಗ್ ಎರಡನ್ನೂ Audacityಯಲ್ಲಿ ಮೇಲೆ ಕೆಳಗೆ ಇಟ್ಟು ನೋಡಿದೆ. ಬೈಲಾ 6/8, ಅಂದ್ರೆ ಮೂರು ಮೂರು ಪೆಟ್ಟಿನ ಎರಡು ಗುಂಪು. ನಮ್ಮ ಸ್ಪೀಡ್ ನಿಮಿಷಕ್ಕೆ 116 ಗುಂಪು, ಹಾಗಾಗಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ 172 ಮಿಲಿಸೆಕೆಂಡ್ ಇರ್ಬೇಕು. ಹುಡುಗ ಹೊಡೆದದ್ದು ಹೆಚ್ಚುಕಮ್ಮಿ ಅಷ್ಟೇ. ಅಂಕಲ್‌ದು ನೋಡಿದ್ರೆ ಪ್ರತಿ ಗುಂಪಿನ ಮೂರನೇ ಪೆಟ್ಟು 20-25 ಮಿಲಿಸೆಕೆಂಡ್ ಲೇಟ್, ಮತ್ತೆ ಅದೇ ಪೆಟ್ಟು ಸ್ವಲ್ಪ ಜೋರು. ಆ ಲೇಟಾದ ಪೆಟ್ಟೇ ಮುಂದಿನ ಒಂದನೇ ಪೆಟ್ಟಿಗೆ ಜನರನ್ನ ತಳ್ಳಿ ಹಾಕ್ತಿದ್ದದ್ದು, ಕಾಲು ಎತ್ತಿ ಇಡ್ಲಿಕ್ಕೆ ಸಿಗುವ ಜಾಗ ಅದು. ಇನ್ನೊಂದು ವಿಷಯ, ಮೆಡ್ಲೆ ಮುಗಿಯುವಾಗ ಅಂಕಲ್ 122ಕ್ಕೆ ಹೋಗಿರ್ತಿದ್ರು, ಹುಡುಗ ಕ್ಲಿಕ್ ಕೇಳ್ತಾ 116ರಲ್ಲೇ ಇದ್ದ. ತಪ್ಪು ಯಾರದು ಅಂತ ಕೇಳಿದ್ರೆ ಪುಸ್ತಕದ ಪ್ರಕಾರ ಅಂಕಲ್‌ದೇ.

ಸರಿ, ಮೂರನೇ ಪೆಟ್ಟು ಲೇಟ್ ಮಾಡು ಮಾರಾಯ ಅಂತ ಹುಡುಗನಿಗೆ ಹೇಳಿದೆ. ಅದು ನನ್ನ ದೊಡ್ಡ ಮಿಸ್ಟೇಕ್. ಅವ ಲೆಕ್ಕ ಹಾಕಿ ಲೇಟ್ ಮಾಡ್ಲಿಕ್ಕೆ ಹೋಗಿ ಕುಡಿದವ ಮೆಟ್ಟಿಲು ಇಳಿದ ಹಾಗೆ ಆಯ್ತು, ಯಾಕಂದ್ರೆ ಅಂಕಲ್‌ಗೆ ಅದು ಕೈಯ ಅಭ್ಯಾಸ, ಇವನಿಗೆ ಸೂಚನೆ. ಎರಡು ವಾರ ಹಾಳು ಮಾಡಿ ಬಿಟ್ಟುಬಿಟ್ಟೆ.

ಇಂಗ್ಲೆಂಡಿನ ದಿ ಹೂ ಅನ್ನುವ ರಾಕ್ ಬ್ಯಾಂಡಿನ ಕಥೆ ಆಗ ನೆನಪಾಯ್ತು. 1978ರಲ್ಲಿ ಅವರ ಡ್ರಮ್ಮರ್ ಕೀತ್ ಮೂನ್ ತೀರಿಹೋದ ಮೇಲೆ ಕೆನ್ನಿ ಜೋನ್ಸ್ ಬಂದ್ರು, ಒಳ್ಳೇ ಡ್ರಮ್ಮರೇ, ನೀಟಾಗಿ ತಾಳ ಹಿಡಿಯುವವರು. ಮೂನ್ ತಾಳ ಹಿಡಿಯುವುದಕ್ಕಿಂತ ಹಾಡಿನ ಜೊತೆ ಜಗಳ ಆಡಿದ ಹಾಗೆ ಇಡೀ ಕಿಟ್ ಮೇಲೆ ಓಡಾಡ್ತಿದ್ದವರು, ಉಳಿದವರ ನುಡಿಸಾಣಿಕೆಯೂ ಅದಕ್ಕೇ ಹೊಂದಿಕೊಂಡಿತ್ತು. ಹಾಗಾಗಿ ಜೋನ್ಸ್ ಸರಿಯಾಗಿ ನುಡಿಸಿದ್ರೂ ಹಳೇ ಹಾಡುಗಳಲ್ಲಿ ಖಾಲಿ ಜಾಗ ಕಾಣ್ತದೆ.

ನಮ್ಮದೂ ಅದೇ ಅಲ್ವಾ ಅಂತ ನನ್ನನ್ನೇ ಚೆಕ್ ಮಾಡಿದೆ. ಅಂಕಲ್ ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್, ಅಂದ್ರೆ ಕಿಕ್, ಮೆತ್ತಗೆ ಹೊಡಿತಿದ್ರು, ಅದಕ್ಕೆ ನಾನು ಪ್ರತಿ ನೋಟನ್ನೂ ಮುಂದಿನದ್ದು ಬರುವವರೆಗೆ ಎಳೀತಿದ್ದೆ. ಹುಡುಗನ ಕಿಕ್ ಎದೆಗೆ ಗುದ್ದಿದ ಹಾಗೆ, ಅದರ ಮೇಲೆ ನನ್ನ ಉದ್ದ ನೋಟ್ ಬಿದ್ದು ಎಲ್ಲ ಕೆಸರು. ಈಗ ಎಡಗೈ ಬೆರಳು ಸ್ವಲ್ಪ ಎತ್ತಿ ನೋಟನ್ನ ಅರ್ಧದಲ್ಲೇ ಕಟ್ ಮಾಡ್ತೇನೆ, ಮತ್ತೆ ಆ ಲೇಟಾಗುವ ಮೂರನೇ ಪೆಟ್ಟನ್ನ ನಾನೇ ಬೇಸಲ್ಲಿ ಹಾಕ್ತೇನೆ. ಹುಡುಗ ನೇರ, ನಾನು ಹಿಂದೆ. ಬೈಲಾಕ್ಕೆ ಕ್ಲಿಕ್ ಆಫ್. ಅದರ ಜೊತೆಗೆ ಹಿಂದಿ, ಕನ್ನಡದ ಫಾಸ್ಟ್ ಹಾಡು ಜಾಸ್ತಿ ಸೇರಿಸಿದ್ವಿ, ಅಲ್ಲಿ ಅವ ರಾಜ, ಅಂಕಲ್ ಇದ್ದಾಗ ಆ ಹಾಡುಗಳನ್ನ ಮುಟ್ಟುವ ಧೈರ್ಯವೇ ಇರ್ಲಿಲ್ಲ.

ಫ್ಲೋರ್ ಈಗ ಖಾಲಿ ಆಗುದಿಲ್ಲ. ಆದ್ರೆ ಬುಕಿಂಗಿಗೆ ಬರುವವರು ಈಗಲೂ ತೋರಿಸುದು ಅಂಕಲ್ ಕಾಲದ ಆ ಹಳೇ ವಿಡಿಯೋ, "ನಮಗೆ ಇದೇ ಬೈಲಾ ಬೇಕು" ಅಂತಾರೆ. ನಾನು ಅಡ್ವಾನ್ಸ್ ತಗೊಳ್ಳುವ ಮೊದಲೇ ಹೇಳಿಬಿಡ್ತೇನೆ, ಡ್ರಮ್ಸಲ್ಲಿ ಬೇರೆಯವರು, ಬಂದು ಒಂದ್ಸಲ ಪ್ರಾಕ್ಟೀಸ್ ಕೇಳಿ ಆಮೇಲೆ ದುಡ್ಡು ಕೊಡಿ ಅಂತ.