ಬಾಡಿಗೆ ಮನೆಯನ್ನು ಮಳೆಗಾಲಕ್ಕೆ ಸಿದ್ಧ ಮಾಡಿದ್ದು: ನನ್ನ ಅನುಭವ

ಹೋದ ಮಳೆಗಾಲದಲ್ಲಿ ನಾವು ಬಾಡಿಗೆಗೆ ಕೊಟ್ಟ ಮನೆಯಿಂದ ಫೋನ್ ಬಂತು. ಮಲಗುವ ಕೋಣೆಯ ಸ್ವಿಚ್ ಬೋರ್ಡ್ ಸುತ್ತ ಗೋಡೆ ಒದ್ದೆಯಾಗಿದೆ, ಜೋರು ಮಳೆ ಬಂದಾಗಲೆಲ್ಲ ಮನೆಯ ಕರೆಂಟ್ ಹೋಗುತ್ತದೆ ಅಂದರು. ಎಲೆಕ್ಟ್ರಿಷಿಯನ್ ಬಂದು ಆ ಲೈನನ್ನು ಬೇರ್ಪಡಿಸಿದ ಮೇಲೆ ಹೇಗೋ ಮಳೆಗಾಲ ಕಳೆಯಿತು. ತಾರಸಿಗೆಲ್ಲ ವಾಟರ್‌ಪ್ರೂಫ್ ಪೇಂಟ್ ಬಳಿಸಿ ಆಗಿನ್ನೂ ಎರಡು ವರ್ಷವಾಗಿತ್ತು. ಹಾಗಾಗಿ ಈ ಬೇಸಿಗೆಯಲ್ಲಿ, ಮತ್ತೆ ಬಳಿಸುವ ಮೊದಲು ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಹುಡುಕಲು ಕೂತೆ.

ತಾರಸಿಯ ದೀಪದ ಲೈನ್ ಆಫ್ ಮಾಡಿ, ನೀರು ಹೋಗುವ ಪೈಪಿನ ಬಾಯಿಗೆ ಮರಳಿನ ಚೀಲ ಇಟ್ಟು ಮುಚ್ಚಿದೆ. ಪ್ಯಾರಪೆಟ್ ಗೋಡೆಯಿಂದ ಒಂದಡಿ ಬಿಟ್ಟು ಸುತ್ತ ಗಾರೆಯ ಸಣ್ಣ ಬದು ಕಟ್ಟಿಸಿ, ನಡುವೆ ಮಾತ್ರ ಎರಡು ಇಂಚು ನೀರು ನಿಲ್ಲಿಸಿದೆ. 24 ಗಂಟೆ ಕಳೆದರೂ ಕೆಳಗೆ ಒಂದು ಹನಿ ತೇವವಿಲ್ಲ. ಮರುದಿನ ಬದು ಒಡೆದು ನೀರನ್ನು ಗೋಡೆಯವರೆಗೆ ಬಿಟ್ಟೆ. ಸಂಜೆಯೊಳಗೆ ಸ್ವಿಚ್ ಬೋರ್ಡ್ ಕೆಳಗೆ ಒದ್ದೆ ಕಾಣಿಸಿತು. ಅಂದರೆ ತಾರಸಿಯ ನಡುಭಾಗ ಸರಿಯಿತ್ತು, ಸೋರುತ್ತಿದ್ದುದು ಗೋಡೆ ಮತ್ತು ತಾರಸಿ ಕೂಡುವ ಸಂದು.

ಬಿಸಿಲಿಗೆ ಕಾಂಕ್ರೀಟ್ ಸ್ಲ್ಯಾಬ್ ಹಿಗ್ಗುವುದೇ ಬೇರೆ, ಇಟ್ಟಿಗೆ ಗೋಡೆ ಹಿಗ್ಗುವುದೇ ಬೇರೆ. ಅದಕ್ಕೇ ಆ ಸಂದು ಬಾಯಿ ಬಿಡುತ್ತದೆ. ಬರೀ ಪೇಂಟ್ ಬಳಿದರೆ ಅದೂ ಅಲ್ಲೇ ಬಿರುಕು ಬಿಡುತ್ತದೆ. ನಮ್ಮಲ್ಲಿ ಇನ್ನೊಂದು ತೊಂದರೆಯಿತ್ತು. ತಾರಸಿಯ ದೀಪಕ್ಕೆ ಹೋಗುವ ವೈರಿನ ಪೈಪ್ ಅದೇ ಸಂದಿನಿಂದ ಮೇಲೆದ್ದಿತ್ತು. ನೀರು ಆ ಪೈಪಿನೊಳಗೆ ಸೇರಿ, ಸ್ಲ್ಯಾಬಿನಲ್ಲಿ ಅಷ್ಟು ದೂರ ಹರಿದು, ಸೀದಾ ಬೋರ್ಡಿಗೆ ಬರುತ್ತಿತ್ತು. ಒದ್ದೆ ಕಂಡ ಜಾಗದ ನೇರ ಮೇಲೆ ಬಿರುಕು ಹುಡುಕಿದ್ದರೆ ಸಿಗುತ್ತಲೇ ಇರಲಿಲ್ಲ.

ಮೇಸ್ತ್ರಿ ಸಂದಿನ ಉದ್ದಕ್ಕೂ ಸುಮಾರು ಒಂದು ಇಂಚು ಕೆತ್ತಿ ಧೂಳು ತೆಗೆದರು. ಪಾಲಿಮರ್ ಸೇರಿಸಿದ ಗಾರೆ ತುಂಬಿ, ಮೂಲೆಯನ್ನು ಗುಂಡಗೆ ಮಾಡಿದರು. ಅದಕ್ಕೆ ಒಂದು ವಾರ ನೀರುಣಿಸಿ ಆಮೇಲೆ ಒಣಗಲು ಬಿಟ್ಟೆವು. ಈ ಒಣಗುವ ಹಂತದಲ್ಲಿ ಆತುರ ಪಡಬಾರದು. ರಾತ್ರಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿದೆ. ಬೆಳಿಗ್ಗೆ ಎತ್ತಿ ನೋಡಿದರೆ ಒಳಗೆ ನೀರಿನ ಹನಿ. ಇನ್ನೂ ನಾಲ್ಕು ದಿನ ಕಾದೆ. ಒದ್ದೆ ಮೇಲೆ ಬಳಿದರೆ ಕೋಟಿಂಗ್ ಗುಳ್ಳೆ ಎದ್ದು ಸಿಪ್ಪೆಯ ಹಾಗೆ ಕಿತ್ತುಬರುತ್ತದೆ. ಆಮೇಲೆ ಪ್ರೈಮರ್, ಮೊದಲ ಕೋಟ್, ಅದು ಹಸಿಯಿರುವಾಗಲೇ ಮೂಲೆಯುದ್ದಕ್ಕೆ ಫೈಬರ್ ಬಲೆಯ ಪಟ್ಟಿ, ಅದು ಒಣಗಿದ ಮೇಲೆ ಅಡ್ಡ ದಿಕ್ಕಿನಲ್ಲಿ ಎರಡನೇ ಕೋಟ್. ಗೋಡೆಯ ಮೇಲೂ ಒಂದಡಿ ಹತ್ತಿಸಿದೆವು. ಹಳೇ ವೈರ್ ಪೈಪನ್ನು ಮುಚ್ಚಿ, ದೀಪದ ಲೈನನ್ನು ಹೊರಗೋಡೆಯ ಮೇಲೆ, ಬಾಯಿ ಕೆಳಮುಖವಾಗಿರುವ ಪೈಪಿನಲ್ಲಿ ತಂದೆವು. ಪೂರ್ತಿ ಒಣಗಿದ ಮೇಲೆ ಮತ್ತೆ ನೀರು ನಿಲ್ಲಿಸಿ ನೋಡಿದೆ. ಗೋಡೆ ಒಣಗಿಯೇ ಇತ್ತು.

ಚರಂಡಿ ಕೆಲಸ ಬೇಗ ಮುಗಿಯಿತು. ತಾರಸಿಯ ನೀರು ಹೋಗುವ ಪೈಪಿನ ಬಾಯಿಗೆ ಚಪ್ಪಟೆ ಜಾಲರಿ ಇತ್ತು. ನಾಲ್ಕು ಎಲೆ ಬಿದ್ದರೆ ಸಾಕು, ಮುಚ್ಚಳ ಹಾಕಿದ ಹಾಗೆ. ಅದನ್ನು ತೆಗೆದು ಗುಮ್ಮಟದ ಆಕಾರದ್ದು ಹಾಕಿಸಿದೆ. ಎರಡು ಬಕೆಟ್ ನೀರು ಒಟ್ಟಿಗೆ ಸುರಿದಾಗ ಕೆಳಗೆ ಸಣ್ಣ ಧಾರೆ ಬಂದದ್ದರಿಂದ ತಿರುವಿನಲ್ಲಿ ಕಸ ಕಟ್ಟಿದ್ದು ಗೊತ್ತಾಯಿತು.

ವೈರಿಂಗ್‌ಗೆ ನಾನು ಕೈ ಹಾಕಲಿಲ್ಲ. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದಾಗ ತಾಮ್ರದ ತುದಿಗಳು ಹಸಿರುಗಟ್ಟಿದ್ದವು. ಆ ವೈರ್‌ಗಳನ್ನು, ಸ್ವಿಚ್‌ಗಳನ್ನು ಬದಲಿಸಿ, ಮೆಗ್ಗರ್ ಎಂಬ ಮೀಟರ್ ಹಿಡಿದು ವೈರಿನ ಇನ್ಸುಲೇಷನ್ ನೋಡಿದರು. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನ್ ಬಳಸಬೇಡಿ ಅಂದರು. ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್, ಅಂದರೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅದರ ಟೆಸ್ಟ್ ಬಟನ್ ಒತ್ತಿದಾಗ ತಕ್ಷಣ ಬಿತ್ತು. ಆ ಬಟನ್ ಅರ್ಥಿಂಗ್ ಸರಿಯಿದೆಯೇ ಅಂತ ಹೇಳುವುದಿಲ್ಲ, ಹಾಗಾಗಿ ಅರ್ಥಿಂಗನ್ನು ಬೇರೆಯಾಗಿಯೇ ಪರೀಕ್ಷೆ ಮಾಡಿಸಿದೆ.

ಆಗಲೇ ಬಾಡಿಗೆಯವರು ಹೇಳಿದ ಮಾತು ಕೇಳಿ ಎದೆ ಝಲ್ ಎಂದಿತು. "ಅದು ಬಿದ್ದಾಗ ಮತ್ತೆ ಮೇಲೆತ್ತಿದರೆ ಕರೆಂಟ್ ಬರ್ತಿತ್ತಲ್ವಾ ಸರ್, ಹಾಗೇ ಮಾಡ್ತಿದ್ವಿ." ತಪ್ಪು ಅವರದಲ್ಲ, ಅದು ಯಾಕೆ ಬೀಳುತ್ತದೆ ಅಂತ ನಾನು ಹೇಳಿಯೇ ಇರಲಿಲ್ಲ. ಕರೆಂಟ್ ಎಲ್ಲೋ ನೆಲಕ್ಕೆ ಸೋರುತ್ತಿದೆ ಅಂತ ಅದು ಕೊಡುವ ಎಚ್ಚರಿಕೆ ಅಂತ ಕೂತು ವಿವರಿಸಿದೆ. ಮೇನ್ ಬೋರ್ಡ್ ಪಕ್ಕ ಒಂದು ಹಾಳೆಯನ್ನೂ ಅಂಟಿಸಿದೆ: ಮಳೆಯಲ್ಲಿ ಆರ್‌ಸಿಸಿಬಿ ಬಿದ್ದರೆ ಮೇಲೆತ್ತಬೇಡಿ, ನನಗೂ ಎಲೆಕ್ಟ್ರಿಷಿಯನ್‌ಗೂ ಫೋನ್ ಮಾಡಿ. ಒದ್ದೆ ಗೋಡೆಯ ಸ್ವಿಚ್ ಮುಟ್ಟಬೇಡಿ. ತೇವ ಕಂಡ ದಿನವೇ ಫೋಟೋ ಕಳಿಸಿ, ರಾತ್ರಿಯಾದರೂ ಪರವಾಗಿಲ್ಲ. ವಾರಕ್ಕೊಮ್ಮೆ ಜಾಲರಿಯ ಎಲೆ ತೆಗೆಯಿರಿ, ಮಿಂಚು ಗುಡುಗು ಇದ್ದಾಗ ಮಾತ್ರ ತಾರಸಿ ಹತ್ತಬೇಡಿ. ಹೂವಿನ ಕುಂಡಗಳನ್ನು ನಾವಿಬ್ಬರೂ ಸೇರಿ ಅವತ್ತೇ ಪೈಪಿನ ಬಾಯಿಂದ ದೂರ ಸರಿಸಿದೆವು.